ಪಾಠಾಂತರದಲ್ಲಿ ಸಿಕ್ಕಿಕೊಂಡವರು

ಕಥಾಸ್ಪರ್ಧೆಯೊಂದಕ್ಕೆ ಬಂದ ಕತೆಗಳನ್ನು ಓದುವ ಕೆಲಸ ಕೆಲವು ವರ್ಷ ನನ್ನ ಪಾಲಿಗೆ ಬಂದಿತ್ತು. ಅವುಗಳಲ್ಲಿ ಒಂದು ಬಗೆಯ ಕತೆ ಪ್ರತಿ ವರ್ಷವೂ ಇರುತ್ತಿತ್ತು. ಆಚಾರವಂತರ ಮನೆಯ ಹುಡುಗ ಅಥವಾ ಹುಡುಗಿ ಪಿಎಚ್.ಡಿ.ಗೆ ಸೇರುತ್ತಾರೆ, ತಮ್ಮದೇ ಧರ್ಮದ ಗ್ರಂಥವನ್ನು ವಿಷಯವಾಗಿ ತೆಗೆದುಕೊಳ್ಳುತ್ತಾರೆ. ಓದುತ್ತ ಓದುತ್ತ ನಂಬಿಕೆ ಅಲುಗಾಡುತ್ತದೆ. ಕೊನೆಗೆ ಜನಿವಾರವೋ ಇಷ್ಟಲಿಂಗವೋ ಹೊಳೆಗೆ ಬೀಳುತ್ತದೆ, ಇಲ್ಲವೇ ಪ್ರಬಂಧದ ಹಾಳೆಗಳು ಒಲೆಗೆ ಬೀಳುತ್ತವೆ. ಆ ಸಂಶೋಧನೆ ಏನು, ಯಾವ ಸಾಲು ಆ ಮನಸ್ಸನ್ನು ಕಲಕಿತು ಎಂದು ಹುಡುಕಿದರೆ ಕತೆಯಲ್ಲಿ ಅದಕ್ಕೆ ಉತ್ತರವೇ ಇರುತ್ತಿರಲಿಲ್ಲ.

ಇದಕ್ಕೆ ಹೊಸಬರನ್ನಷ್ಟೇ ದೂರುವುದು ಸರಿಯಲ್ಲ. ನಮ್ಮ ನವ್ಯ ಕಥನ ನಂಬಿಕೆಯನ್ನು ಒರೆಗೆ ಹಚ್ಚಿದ್ದು ಹೆಚ್ಚಾಗಿ ಮುಟ್ಟುವುದರಿಂದ. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ಮಹಾಪಂಡಿತರು. ಹೆಣಕ್ಕೆ ಸಂಸ್ಕಾರ ಮಾಡುವವರಾರು ಎಂಬ ಪ್ರಶ್ನೆಗೆ ಅವರು ತಾಳೆಗರಿಗಳನ್ನು ತಿರುವಿಹಾಕುತ್ತಾರೆ, ಉತ್ತರ ಸಿಗುವುದಿಲ್ಲ. ಅವರನ್ನು ಬದಲಿಸುವುದು ಕಾಡಿನ ಕತ್ತಲಲ್ಲಿ ಚಂದ್ರಿಯ ಸ್ಪರ್ಶ. ‘ಭಾರತೀಪುರ’ದ ಜಗನ್ನಾಥನ ಪರೀಕ್ಷೆಯೂ ಸಾಲಿಗ್ರಾಮವನ್ನು ಹೊಲೆಯರಿಂದ ಮುಟ್ಟಿಸುವುದರಲ್ಲಿದೆ. ಈ ದಾರಿ ನಮಗೆ ದೊಡ್ಡ ಕೃತಿಗಳನ್ನು ಕೊಟ್ಟಿದೆ ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಓದಿನಿಂದಲೇ, ಒಂದು ಪಾಠಾಂತರದಿಂದಲೇ ಒಬ್ಬ ಮನುಷ್ಯ ಎರಡಾಗಿ ಸೀಳಿಹೋಗಬಹುದು ಎಂಬುದನ್ನು ಅದು ಕಲಿಸಲಿಲ್ಲ.

ಅದನ್ನು ಬಲ್ಲ ಲೇಖಕ ಅಮೆರಿಕದ ಯಹೂದಿ ಕಾದಂಬರಿಕಾರ ಚೈಮ್ ಪೊಟೋಕ್. ಸಂಪ್ರದಾಯಸ್ಥ ಮನೆಯಲ್ಲಿ ಬೆಳೆದು ರಬ್ಬಿಯಾಗಿ ದೀಕ್ಷೆ ಪಡೆದ ಪೊಟೋಕ್, ಆಮೇಲೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿದರು. ಪ್ರಬಂಧದ ವಿಷಯ ಸಾಲೊಮನ್ ಮೈಮನ್, ತಾಲ್ಮುಡ್‌ ಪಾಂಡಿತ್ಯದಲ್ಲಿ ಬೆಳೆದು ಅದನ್ನು ಬಿಟ್ಟು ತತ್ತ್ವಶಾಸ್ತ್ರಕ್ಕೆ ಹೊರಟ ಹದಿನೆಂಟನೆಯ ಶತಮಾನದವನು. ಆ ಪ್ರಬಂಧ ಮುಗಿಸಿದ ಎರಡೇ ವರ್ಷಕ್ಕೆ, 1967ರಲ್ಲಿ, ‘ದಿ ಚೋಸನ್’ ಬಂತು.

ಅದರಲ್ಲೊಂದು ಸಣ್ಣ ಸನ್ನಿವೇಶವಿದೆ. ರೂವೆನ್ ಎಂಬ ವಿದ್ಯಾರ್ಥಿಗೆ ತಾಲ್ಮುಡ್‌ನ ಒಂದು ತೊಡಕಿನ ಭಾಗ ಎದುರಾಗುತ್ತದೆ. ಹಳೆಯ ವ್ಯಾಖ್ಯಾನಗಳನ್ನೆಲ್ಲ ಜೋಡಿಸಿದರೂ ಅರ್ಥ ಕೂಡುವುದಿಲ್ಲ. ಪಾಠವೇ ಕೆಟ್ಟಿದೆ, ತಿದ್ದಿ ಓದಿದರೆ ಎಲ್ಲವೂ ಸಲೀಸು ಎಂದು ಅವನಿಗೆ ಹೊಳೆಯುತ್ತದೆ. ಆ ವಿದ್ಯೆ ತಂದೆಯಿಂದ ಬಂದದ್ದು. ತರಗತಿಯಲ್ಲಿ ಅವನು ಆ ಮಾತೆತ್ತದೆ ಸಾಂಪ್ರದಾಯಿಕ ವ್ಯಾಖ್ಯಾನಗಳನ್ನಷ್ಟೇ ಒಪ್ಪಿಸುತ್ತಾನೆ. ಆಮೇಲೆ ಗುರು ಅವನೊಬ್ಬನನ್ನೇ ಕರೆದು, ನಿನ್ನ ತಂದೆ ಇದನ್ನು ಹೇಗೆ ಬಿಡಿಸುತ್ತಿದ್ದರು ಎಂದು ಕೇಳುತ್ತಾರೆ. ರೂವೆನ್ ತಿದ್ದುಪಡಿಯನ್ನು ವಿವರಿಸುತ್ತಾನೆ. ಗುರು ಮೆಚ್ಚುತ್ತಾರೆ, ಆದರೆ ನನ್ನ ತರಗತಿಯಲ್ಲಿ ಈ ವಿಧಾನ ಬೇಡ ಎನ್ನುತ್ತಾರೆ. ಇಲ್ಲಿ ಯಾರೂ ದೇವರಿದ್ದಾನೋ ಇಲ್ಲವೋ ಎಂದು ಜಗಳವಾಡುವುದಿಲ್ಲ. ಇಬ್ಬರಿಗೂ ನಿಜ ಗೊತ್ತು. ಅದನ್ನು ಎಲ್ಲಿ ಹೇಳಬಹುದು, ಎಲ್ಲಿ ಹೇಳಬಾರದು ಎಂಬುದರಲ್ಲೇ ಸಂಕಟವೆಲ್ಲ ಇದೆ. 1969ರ ‘ದಿ ಪ್ರಾಮಿಸ್’ನಲ್ಲಿ ಇದೇ ಪಾಠವಿಮರ್ಶೆಗೆ ಎದುರು ನಿಲ್ಲುವ ರಬ್ಬಿ ಕಾಲ್ಮನ್ ನಾಜಿಗಳ ಶಿಬಿರದಿಂದ ಉಳಿದು ಬಂದವನು. ಅವನ ಲೋಕವೆಲ್ಲ ಸುಟ್ಟುಹೋಗಿದೆ, ಉಳಿದಿರುವುದು ಆ ಗ್ರಂಥ ಒಂದೇ. ಅದರಲ್ಲಿ ಒಂದಕ್ಷರ ತಿದ್ದಿದರೂ ಅವನಿಗೆ ಎದೆ ನಡುಗುತ್ತದೆ. ಅವನನ್ನು ಮೂಢನೆಂದು ತಳ್ಳಿಹಾಕಲು ಪೊಟೋಕ್ ನಮಗೆ ಬಿಡುವುದಿಲ್ಲ.

ಇಂಥ ಕತೆಗೆ ಬೇಕಾದ ವಸ್ತು ಕನ್ನಡದಲ್ಲಿ ಇಲ್ಲವೇ ಎಂದು ಕೊರಗುತ್ತಿದ್ದಾಗ, ಒಂದು ವರ್ಷದ ಕಟ್ಟಿನಲ್ಲಿ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಬರೆದ ಕತೆ ಸಿಕ್ಕಿತು. ಅದಕ್ಕೆ ಬಹುಮಾನ ಬರಲಿಲ್ಲ. ನನಗೆ ಇನ್ನೂ ಮರೆತಿಲ್ಲ.

ಅದರ ನಾಯಕಿಯ ಅಪ್ಪ ಊರಿನ ಮಠದಲ್ಲಿ ಶ್ರಾವಣದ ಪ್ರವಚನ ಹೇಳುವವನು. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ್ದು, ಗುಡಿ ಕಟ್ಟಿಸಿದ್ದು, ಅಲ್ಲಮ ಬಂದು ಅವನನ್ನು ಕೆಣಕಿ ಕಲ್ಯಾಣಕ್ಕೆ ಕರೆದೊಯ್ದದ್ದು, ಅಲ್ಲಿ ಚೆನ್ನಬಸವಣ್ಣ ಅವನಿಗೆ ಇಷ್ಟಲಿಂಗದ ದೀಕ್ಷೆ ಕೊಟ್ಟದ್ದು, ಇಷ್ಟನ್ನೂ ಮಗಳು ಅಪ್ಪನ ತೊಡೆಯ ಮೇಲೆ ಕೂತು ಕೇಳಿದ್ದಾಳೆ. ಈಗ ಅವಳ ಪ್ರಬಂಧದ ವಿಷಯ ಶೂನ್ಯಸಂಪಾದನೆ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಅವರಾದ ಎಷ್ಟೋ ತಲೆಮಾರಿನ ಮೇಲೆ ಸಂವಾದದ ರೂಪದಲ್ಲಿ ಹೊಂದಿಸಿದ ಗ್ರಂಥ ಅದು. ಮೊದಲು ಹೊಂದಿಸಿದವನು ಶಿವಗಣಪ್ರಸಾದಿ ಮಹಾದೇವಯ್ಯ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಅದನ್ನು ಪರಿಷ್ಕರಿಸಿದರು. ಒಟ್ಟು ನಾಲ್ಕು ರೂಪ.

ಹುಡುಗಿ ನಾಲ್ಕು ಪುಸ್ತಕಗಳನ್ನೂ ಹಾಸ್ಟೆಲ್ಲಿನ ಮಂಚದ ಮೇಲೆ ತೆರೆದಿಟ್ಟು, ಪ್ರತಿ ವಚನದ ಎದುರು ನಾಲ್ಕು ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತ ಹೋಗುತ್ತಾಳೆ. ಯಾವ ವಚನ ಎಲ್ಲಿದೆ, ಎಲ್ಲಿಲ್ಲ, ಯಾವುದು ಜಾಗ ಬದಲಿಸಿದೆ. ಸಿದ್ಧರಾಮನ ದೀಕ್ಷೆಗೆ ಬಂದಾಗ ಮೊದಲ ಸಂಕಲನದ ಬಣ್ಣ ಹಾಳೆಯಲ್ಲಿ ಬೀಳುವುದೇ ಇಲ್ಲ. ಆ ಪ್ರಸಂಗ ಮಹಾದೇವಯ್ಯನಲ್ಲಿಲ್ಲ, ನಂತರದ ಪರಿಷ್ಕರಣದಲ್ಲಿ ಸೇರಿದೆ. ಅವಳು ಹಿಂದಿನ ಪುಟ, ಮುಂದಿನ ಪುಟ ತಿರುವುತ್ತಾಳೆ. ಪುಟ ಹರಿದಿದೆಯೇ ಎಂದು ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡುತ್ತಾಳೆ. ಹರಿದಿಲ್ಲ. ಅಪ್ಪನ ದನಿ ಕಿವಿಯಲ್ಲಿದೆ, ಹಾಳೆಯಲ್ಲಿ ಆ ಜಾಗ ಖಾಲಿ. ಸಂಶೋಧನೆಯಿಂದ ಹುಟ್ಟುವ ದಿಗಿಲನ್ನು ಇಷ್ಟು ಹತ್ತಿರದಿಂದ ಕಂಡ ಕನ್ನಡ ಕತೆಯನ್ನು ನಾನು ಬೇರೆ ಓದಿಲ್ಲ.

ಆಮೇಲಿನದು ಇನ್ನೂ ಮುಖ್ಯ. ಅವಳು ಆ ರಾತ್ರಿಯೇ “ದೀಕ್ಷೆ ನಡೆದಿಲ್ಲ, ಇದು ಕಟ್ಟುಕತೆ” ಎಂದು ಬರೆಯುತ್ತಾಳೆ. ಮಾರ್ಗದರ್ಶಕರು ಆ ವಾಕ್ಯದ ಕೆಳಗೆ ಗೆರೆ ಎಳೆದು, “ನಡೆದಿಲ್ಲ ಅಂತ ಬರೀಬ್ಯಾಡ. ಇದರಾಗ ಇಲ್ಲ ಅಂತ ಬರಿ” ಎನ್ನುತ್ತಾರೆ. ಗ್ರಂಥಸಂಪಾದನೆಯ ಎಲ್ಲೆ ಆ ಒಂದು ಮಾತಿನಲ್ಲಿದೆ. ಮೊದಲ ಸಂಕಲನವೂ ಒಬ್ಬ ಸಂಕಲನಕಾರನ ಆಯ್ಕೆಯೇ, ಶರಣರ ಕಾಲದ ದಾಖಲೆ ಅಲ್ಲ. ಅವನು ಬಿಟ್ಟದ್ದರಿಂದ ಅವನ ಕಣ್ಣಿಗೆ ಯಾವುದು ಬೇಕಾಗಿರಲಿಲ್ಲ ಎಂದು ತಿಳಿಯಬಹುದು. ಕಲ್ಯಾಣದಲ್ಲಿ ಏನಾಯಿತೆಂದು ತಿಳಿಯುವುದಿಲ್ಲ. ಆದರೆ ನಂತರದವರಿಗೆ ಆ ದೀಕ್ಷೆ ಯಾಕೆ ಬೇಕಾಯಿತು ಎಂದು ಕೇಳಬಹುದು. ಸ್ಥಾವರಲಿಂಗವನ್ನು ಪೂಜಿಸಿದ ದೊಡ್ಡ ಯೋಗಿಯನ್ನು ಇಷ್ಟಲಿಂಗದ ಸಮುದಾಯ ತನ್ನವನೆಂದು ಹೇಗೆ ಬರಮಾಡಿಕೊಳ್ಳಬೇಕು? ಆ ಪ್ರಶ್ನೆಯ ಎದುರು ಕೂತ ಪರಿಷ್ಕರಣಕಾರ ಮೋಸಗಾರನಲ್ಲ. ಅವನೂ ಭಕ್ತನೇ, ಅವನಿಗೂ ಒಂದು ಇಕ್ಕಟ್ಟಿತ್ತು.

ಕತೆಗೊಂದು ಕೊರತೆಯೂ ಇದೆ. ಹೊರಗಿನ ಒತ್ತಡವನ್ನು ಅದು ಪೂರ್ತಿ ಬಿಟ್ಟಿದೆ. ‘ಮಾರ್ಗ’ದ ಲೇಖನಗಳಿಗಾಗಿ ಎಂ.ಎಂ. ಕಲಬುರ್ಗಿಯವರು 1989ರಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು, ಅದನ್ನು ಬೌದ್ಧಿಕ ಆತ್ಮಹತ್ಯೆ ಎಂದು ಅವರೇ ಕರೆದರು. 2015ರಲ್ಲಿ ಧಾರವಾಡದ ಅವರ ಮನೆಯಲ್ಲೇ ಅವರ ಕೊಲೆಯಾಯಿತು. ವಚನದ ಬಗ್ಗೆ ಪ್ರಬಂಧ ಬರೆಯುವ ಹುಡುಗಿಯ ಕೋಣೆಯಲ್ಲಿ ಈ ಭಯ ಸುಳಿಯಲೇ ಇಲ್ಲ ಎಂದರೆ ನಂಬುವುದು ಕಷ್ಟ. ಕತೆಗಾರ್ತಿ ಸಂಕಟವನ್ನು ಮನೆಯೊಳಗೇ ಇಟ್ಟುಕೊಂಡಳು. ಅದರಿಂದ ಕತೆ ಆಳವಾಯಿತು, ಆದರೆ ಅಷ್ಟೇ ಇಕ್ಕಟ್ಟೂ ಆಯಿತು.

ಮನೆಯೊಳಗಿನ ಆ ಕೊನೆಯ ದೃಶ್ಯಕ್ಕೆ ಮಾತ್ರ ನನ್ನ ತಕರಾರಿಲ್ಲ. ರಜೆಗೆ ಬಂದ ಮಗಳು ಅಪ್ಪನಿಗೆ ಎಲ್ಲ ಹೇಳುತ್ತಾಳೆ. “ಹಂಗಾರ ಇಷ್ಟು ವರ್ಷ ನಾ ಹೇಳಿದ್ದು ಸುಳ್ಳೇನ್ ತಂಗಿ?” ಎಂದು ಅವನು ಕೇಳುತ್ತಾನೆ. ಅವಳಿಗೆ ಉತ್ತರ ಹೊಳೆಯುವುದಿಲ್ಲ. ಅಪ್ಪ ಒಳಗೆ ಹೋಗಿ, ದೇವರ ಜಗಲಿಯಿಂದ ಅರಿವೆಯಲ್ಲಿ ಸುತ್ತಿಟ್ಟ ತಾಳೆಗರಿಯ ಕಟ್ಟು ತರುತ್ತಾನೆ. ಅಜ್ಜನ ಕಾಲದಿಂದ ಪೂಜೆಗೊಳ್ಳುತ್ತ ಬಂದದ್ದು, ಯಾರೂ ಬಿಚ್ಚಿ ಓದಿದ್ದಿಲ್ಲ. ಗರಿಗಳ ಮೇಲೆ ವಿಭೂತಿಯ ಪುಡಿ ಕೂತಿದೆ. ಪದಗಳ ನಡುವೆ ತೆರಪಿಲ್ಲ, ವಾಕ್ಯ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಅವಳು ಕೊನೆಯ ಗರಿಯಿಂದ ಶುರುಮಾಡುತ್ತಾಳೆ, ಲಿಪಿಕಾರ ತನ್ನ ಹೆಸರು ಬರೆದಿದ್ದಾನೇನೋ ಎಂದು. ಹೆಸರಿನ ಜಾಗ ಹುಳ ತಿಂದಿದೆ. ಅದರ ಮುಂದೆ, ನಮ್ಮ ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಕಾಣುವ ಆ ಬೇಡಿಕೆ ಇದೆ: ಬರೆದದ್ದರಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು. ಅವಳು ಅದನ್ನು ಬಿಡಿಸಿ ಅಪ್ಪನಿಗೆ ಓದಿ ಹೇಳುತ್ತಾಳೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಕನ್ನಡಕ ಹಾಕಿಕೊಂಡು ಅವಳ ಪಕ್ಕ ಬಂದು ಕೂರುತ್ತಾನೆ. “ಮೊದಲ ಗರಿ ತಗಿ,” ಎನ್ನುತ್ತಾನೆ.