ಆ ಇಪ್ಪತ್ತೈದು ಸುಳ್ಳುಗಳ ಲೆಕ್ಕ

ಒಬ್ಬ ಮನುಷ್ಯ ನಾಲ್ಕು ಸಲದಲ್ಲಿ ಮೂರು ಸಲ ನಿಜ ಹೇಳುತ್ತಾನೆ. ಅವನು ದಾಳ ಎಸೆದು ‘ಆರು ಬಿತ್ತು’ ಅನ್ನುತ್ತಾನೆ. ನಿಜಕ್ಕೂ ಆರೇ ಬಿದ್ದಿರುವ ಸಂಭವನೀಯತೆ ಎಷ್ಟು? ಎನ್‌ಸಿಇಆರ್‌ಟಿಯ 12ನೇ ತರಗತಿಯ ಗಣಿತ ಪುಸ್ತಕ ಬೇಯ್ಸ್ ಪ್ರಮೇಯದ ಪಾಠದಲ್ಲಿ ಬಿಡಿಸಿ ತೋರಿಸಿದ ಲೆಕ್ಕ ಇದು. ನಮ್ಮ ದ್ವಿತೀಯ ಪಿಯುಸಿ ಮಕ್ಕಳು ಓದುವುದೂ ಅದೇ ಪಾಠವನ್ನು. ಪುಸ್ತಕದ ಉತ್ತರ 3/8. ಅದನ್ನು ಬರೆದವರಿಗೆ ಪೂರ್ತಿ ಅಂಕ ಸಿಗುತ್ತದೆ. ಆದರೆ ಪ್ರಶ್ನೆಯನ್ನು ಅದರ ಮಾತಿನಲ್ಲೇ ಓದಿಕೊಂಡರೆ ಈ ಉತ್ತರ ನಿಲ್ಲುವುದಿಲ್ಲ.

ಈ ಉತ್ತರದ ಜೊತೆಗೆ ಒಂದು ನೀತಿಪಾಠವೂ ಅಂಟಿಕೊಂಡಿದೆ. ನಾಲ್ಕರಲ್ಲಿ ಮೂರು ಸಲ ನಿಜ ಹೇಳುವವನ ಮಾತನ್ನೂ ಅರ್ಧಕ್ಕಿಂತ ಕಡಿಮೆ ನಂಬಬೇಕಾಗುತ್ತದೆ, ಏಕೆಂದರೆ ಆರು ಬೀಳುವುದೇ ಅಪರೂಪ. ಬೇಯ್ಸ್ ನಮಗೆ ಕಲಿಸುವ ಎಚ್ಚರವೇ ಇದು ಎನ್ನುತ್ತಾರೆ. ಎಚ್ಚರ ಒಳ್ಳೆಯದೇ, ಆದರೆ ಈ ಉದಾಹರಣೆಯಿಂದ ಅದು ಹುಟ್ಟುವುದಿಲ್ಲ. ಸೂತ್ರವನ್ನು ಪಕ್ಕಕ್ಕಿಟ್ಟು ಎಣಿಸಿ ನೋಡಿದರೆ ಕಾರಣ ಕಾಣುತ್ತದೆ.

ಅವನು 120 ಸಲ ದಾಳ ಎಸೆದ ಅನ್ನೋಣ. ಪ್ರತಿ ಮುಖವೂ 20 ಸಲ ಬೀಳಲಿ. ಆರು ಬಿದ್ದ 20 ಸಲದಲ್ಲಿ 15 ಸಲ ಅವನು ನಿಜ ಹೇಳಿ ‘ಆರು’ ಅನ್ನುತ್ತಾನೆ, ಉಳಿದ 5 ಸಲ ಬೇರೇನೋ ಹೇಳುತ್ತಾನೆ. ಆರು ಬೀಳದ 100 ಸಲದಲ್ಲಿ 75 ನಿಜ, 25 ಸುಳ್ಳು. ಪುಸ್ತಕ ಇಲ್ಲಿಯವರೆಗೆ ಸರಿಯಾಗಿಯೇ ಬರುತ್ತದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆ 25 ಸುಳ್ಳುಗಳನ್ನೂ ಅದು ‘ಆರು ಬಿತ್ತು’ ಎಂಬ ಮಾತಿನ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಆಗ ‘ಆರು’ ಎಂದದ್ದು ಒಟ್ಟು 40 ಸಲ, ಅದರಲ್ಲಿ ನಿಜ 15. ಹೀಗೆ 15/40, ಅಂದರೆ 3/8.

ಆದರೆ ಎರಡು ಬಿದ್ದಾಗ ಸುಳ್ಳು ಹೇಳುವವನು ‘ಆರು’ ಅಂತಲೇ ಏಕೆ ಹೇಳಬೇಕು? ಒಂದು, ಮೂರು, ನಾಲ್ಕು, ಐದು ಯಾವುದನ್ನು ಹೇಳಿದರೂ ಅದು ಸುಳ್ಳೇ. ಪುಸ್ತಕ ‘ಸುಳ್ಳು ಹೇಳುವ ಸಂಭವನೀಯತೆ’ ಮತ್ತು ‘ಆರು ಎಂಬ ಸುಳ್ಳನ್ನೇ ಹೇಳುವ ಸಂಭವನೀಯತೆ’ ಎರಡನ್ನೂ ಒಂದೇ ಎಂದು ಹಿಡಿದಿದೆ. ಅವನಿಗೆ ಯಾವ ಸಂಖ್ಯೆಯ ಮೇಲೂ ವಿಶೇಷ ಒಲವಿಲ್ಲ ಎಂದಾದರೆ, ಪ್ರತಿ ಮುಖದ 5 ಸುಳ್ಳುಗಳು ಉಳಿದ ಐದು ಸಂಖ್ಯೆಗಳಿಗೆ ಒಂದೊಂದರಂತೆ ಹಂಚಿಹೋಗುತ್ತವೆ. ಆಗ ಆರು ಬೀಳದೆಯೂ ‘ಆರು’ ಎಂದ ಸಂದರ್ಭಗಳು 25 ಆಗುವುದಿಲ್ಲ, 5 ಮಾತ್ರ. ‘ಆರು’ ಎಂದದ್ದು ಒಟ್ಟು 20 ಸಲ, ಅದರಲ್ಲಿ ನಿಜ 15. ಉತ್ತರ 3/4. ಆರು ಅಪರೂಪ ನಿಜ, ಆದರೆ ‘ಆರು’ ಎಂಬ ಸುಳ್ಳೂ ಅಷ್ಟೇ ಅಪರೂಪ. ಎರಡೂ ಒಂದನ್ನೊಂದು ಸರಿದೂಗಿಸಿ, ಕೊನೆಗೆ ಅವನ ಮಾತಿಗೆ ಅವನ ಪ್ರಾಮಾಣಿಕತೆಯಷ್ಟೇ ಬೆಲೆ ಉಳಿಯುತ್ತದೆ.

ಪುಸ್ತಕದ ಲೆಕ್ಕವನ್ನು ಒರೆಗೆ ಹಚ್ಚಲು ಒಂದು ಸುಲಭ ದಾರಿಯಿದೆ. ಪ್ರಶ್ನೆಯಲ್ಲಿ ‘ಆರು’ ಇರುವ ಕಡೆ ‘ಐದು’ ಹಾಕಿ. ಪುಸ್ತಕದ ಹೆಜ್ಜೆಗಳು ಹಾಗೇ ನಡೆಯುತ್ತವೆ, ‘ಐದು’ ಎಂದದ್ದೂ 40 ಸಲ ಎಂದು ಬರುತ್ತದೆ. ನಾಲ್ಕು ಹಾಕಿದರೂ ಅಷ್ಟೇ. ಆರೂ ಸಂಖ್ಯೆಗಳಿಗೆ ಹೀಗೆ ಮಾಡಿ ಕೂಡಿದರೆ 240 ಮಾತುಗಳಾಗುತ್ತವೆ. ದಾಳ ಎಸೆದದ್ದು 120 ಸಲ, ಒಂದು ಎಸೆತಕ್ಕೆ ಅವನು ಹೇಳುವುದು ಒಂದೇ ಮಾತು. ಉಳಿದ 120 ಮಾತುಗಳನ್ನು ಯಾರು ಆಡಿದರು? ಒಂದೇ ಸುಳ್ಳನ್ನು ಐದು ಕಡೆ ಎಣಿಸಿದ್ದರ ಫಲ ಇದು. ಸೂತ್ರದಲ್ಲಿ ಒಂದು ಭಿನ್ನರಾಶಿಯಾಗಿ ಕೂತಾಗ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಎಣಿಕೆಗೆ ಇಳಿದೊಡನೆ ಬೀಳುತ್ತದೆ.

ಹಾಗಾದರೆ 3/8 ಎಂದೂ ಸರಿಯಾಗದೇ? ಆಗುತ್ತದೆ, ಎರಡು ಸಂದರ್ಭಗಳಲ್ಲಿ. ಮೊದಲನೆಯದು, ನಾವು ‘ಆರು ಬಿತ್ತೇ?’ ಎಂದು ಕೇಳಿ ಅವನು ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಹೇಳಬಹುದಾದಾಗ. ಸುಳ್ಳಿಗೆ ಆಗ ಇರುವುದು ಒಂದೇ ದಾರಿ, 25 ಸುಳ್ಳುಗಳೂ ‘ಹೌದು’ ಆಗಲೇಬೇಕು. 40 ‘ಹೌದು’, 80 ‘ಇಲ್ಲ’, ಒಟ್ಟು 120, ಲೆಕ್ಕ ತಾಳೆಯಾಗುತ್ತದೆ. ಎರಡನೆಯದು, ಅವನು ಲೂಡೊ ಆಡುತ್ತಿದ್ದು ಕಾಯಿ ಹೊರಗೆ ತರಲು ಆರನ್ನೇ ಕಾಯುತ್ತಿರುವಾಗ. ಬೇರೆ ಏನೇ ಬಿದ್ದರೂ ಅವನ ಸುಳ್ಳೆಲ್ಲ ‘ಆರು’ ಆಗಿಯೇ ಬರುತ್ತದೆ. ಆದರೆ ಅದೇ ಆಟಗಾರ ‘ಐದು’ ಎಂದಾಗ ಏನಾಗುತ್ತದೆ ನೋಡಿ. ಐದು ಬಿದ್ದು ನಿಜ ಹೇಳಿದ್ದು 15. ಆರು ಬಿದ್ದಾಗ ಹೇಳಿದ 5 ಸುಳ್ಳುಗಳಲ್ಲಿ ಐದರ ಪಾಲಿಗೆ ಬಂದದ್ದು 1 ಎಂದುಕೊಳ್ಳೋಣ. ‘ಐದು’ ಎಂದದ್ದು 16 ಸಲ, ನಿಜ 15. ಒಬ್ಬನೇ ಮನುಷ್ಯ, ಅವನ ಪ್ರಾಮಾಣಿಕತೆಯೂ ಅಷ್ಟೇ; ಒಂದು ಮಾತಿಗೆ ಬೆಲೆ 3/8, ಇನ್ನೊಂದಕ್ಕೆ 15/16. ‘ನಾಲ್ಕರಲ್ಲಿ ಮೂರು ಸಲ ನಿಜ’ ಎಂಬ ಒಂದೇ ಮಾಹಿತಿಯಿಂದ ಇವುಗಳಲ್ಲಿ ಯಾವ ಉತ್ತರವನ್ನೂ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದು ಹೊಸದಾಗಿ ಕಂಡುಹಿಡಿದ ಸೂಕ್ಷ್ಮವೂ ಅಲ್ಲ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1814ರ ತನ್ನ ಸಂಭವನೀಯತೆಯ ಪ್ರಬಂಧದಲ್ಲಿ ಸಾಕ್ಷಿಗಳ ಬಗ್ಗೆ ಬರೆಯುತ್ತಾ ಎರಡೂ ಬಗೆಯನ್ನು ಬೇರೆ ಮಾಡಿ ತೋರಿಸಿದ. ಸಾವಿರ ಸಂಖ್ಯೆಗಳಿರುವ ಪಾತ್ರೆಯಿಂದ ಒಂದನ್ನು ತೆಗೆಯುತ್ತಾರೆ, ಹತ್ತರಲ್ಲಿ ಒಂದು ಸಲ ಸುಳ್ಳು ಹೇಳುವ ಸಾಕ್ಷಿ ‘79 ಬಂತು’ ಅನ್ನುತ್ತಾನೆ. ಸುಳ್ಳು 999 ಸಂಖ್ಯೆಗಳಿಗೆ ಹಂಚಿಹೋಗುವುದರಿಂದ ಉತ್ತರ 9/10. ಅದೇ ಪಾತ್ರೆಯಲ್ಲಿ 999 ಕಪ್ಪು ಚೆಂಡು, ಒಂದೇ ಬಿಳಿ ಚೆಂಡು ಇದ್ದು ಸಾಕ್ಷಿ ‘ಬಿಳಿ ಬಂತು’ ಎಂದರೆ ಸುಳ್ಳಿಗೆ ಬೇರೆ ಬಣ್ಣವಿಲ್ಲ. ಉತ್ತರ 9/1008ಕ್ಕೆ ಇಳಿಯುತ್ತದೆ. 79ರ ಮೇಲೆ ಸಾಕ್ಷಿಗೆ ಸ್ವಂತ ಲಾಭವಿದ್ದರೆ ಲೆಕ್ಕ ಹೇಗೆ ಬದಲಾಗುತ್ತದೆ ಎಂಬುದನ್ನೂ ಲಾಪ್ಲಾಸ್ ಚರ್ಚಿಸಿದ್ದಾನೆ. ನಮ್ಮ ಪುಸ್ತಕ ಮೊದಲನೆಯ ಬಗೆಯ ಪ್ರಶ್ನೆ ಕೇಳಿ ಎರಡನೆಯದರ ಉತ್ತರ ಕೊಟ್ಟಿದೆ.

ಪುಸ್ತಕದ ಪರವಾಗಿ ಒಂದು ಮಾತು ಹೇಳಬಹುದು: ಅದು ಫಲಿತಾಂಶಗಳನ್ನು ‘ಆರು’ ಮತ್ತು ‘ಆರಲ್ಲ’ ಎಂದು ಎರಡೇ ಭಾಗ ಮಾಡಿಕೊಂಡಿದೆ, ಆ ಚೌಕಟ್ಟಿನಲ್ಲಿ 3/8 ಸರಿ. ಆದರೆ ಬಿದ್ದದ್ದನ್ನು ಎರಡು ಭಾಗ ಮಾಡುವುದು ಬೇರೆ, ಹೇಳಿದ್ದನ್ನು ಎರಡು ಭಾಗ ಮಾಡುವುದು ಬೇರೆ. ಮೊದಲನೆಯದು ನಮ್ಮ ಅನುಕೂಲಕ್ಕೆ ಬಿಟ್ಟದ್ದು. ಎರಡನೆಯದು ಆ ಮನುಷ್ಯ ಏನೇನು ಹೇಳಬಹುದಿತ್ತು ಎಂಬುದಕ್ಕೆ ಬಿಟ್ಟದ್ದು, ಪ್ರಶ್ನೆ ಅದನ್ನು ಹೇಳಿಯೇ ಇಲ್ಲ. ಇದೇ ಪಾಠದ ಅಭ್ಯಾಸದಲ್ಲಿ ನಾಣ್ಯದ ಲೆಕ್ಕವೂ ಒಂದಿದೆ: ಐದರಲ್ಲಿ ನಾಲ್ಕು ಸಲ ನಿಜ ಹೇಳುವವನು ‘ಹೆಡ್ ಬಿತ್ತು’ ಎನ್ನುತ್ತಾನೆ, ಉತ್ತರ 4/5. ಅಲ್ಲಿ ಅದೇ ವಿಧಾನ ಸರಿಯಾದ ಉತ್ತರ ಕೊಡುತ್ತದೆ, ಏಕೆಂದರೆ ನಾಣ್ಯಕ್ಕಿರುವುದು ಎರಡೇ ಮುಖ, ಸುಳ್ಳಿಗೆ ಒಂದೇ ಜಾಗ. ದಾಳದಲ್ಲಿ ಐದು ಜಾಗಗಳಿವೆ ಎಂಬುದನ್ನು ನೋಡದೆ ಆ ರೂಢಿಯನ್ನೇ ಮುಂದುವರಿಸಿದ್ದಾರೆ.

ತಿದ್ದುವುದೇನೂ ಕಷ್ಟವಿಲ್ಲ. 3/8 ಬೇಕಿದ್ದರೆ ಪ್ರಶ್ನೆಯಲ್ಲಿ ‘ಆರು ಬಿತ್ತೇ ಎಂದು ಕೇಳಿದಾಗ ಹೌದು ಎಂದನು’ ಎಂದು ಬರೆಯಲಿ. ಈಗಿನ ಮಾತೇ ಇರಬೇಕಿದ್ದರೆ ‘ಸುಳ್ಳು ಹೇಳುವಾಗ ಉಳಿದ ಐದರಲ್ಲಿ ಯಾವುದನ್ನಾದರೂ ಸಮಾನವಾಗಿ ಹೇಳುತ್ತಾನೆ’ ಎಂದು ಸೇರಿಸಿ 3/4 ಎನ್ನಲಿ. ಎಣಿಸುವುದು ಚಿಕ್ಕ ತರಗತಿಯ ಕೆಲಸ, ಪಿಯುಸಿಗೆ ಬಂದ ಮೇಲೆ ಸೂತ್ರವೇ ಗತಿ ಎಂಬ ಧೋರಣೆಯನ್ನೂ ಬಿಡಬೇಕು. ಬಿದ್ದದ್ದನ್ನು ಅಡ್ಡಸಾಲಿನಲ್ಲಿ, ಹೇಳಿದ್ದನ್ನು ಕಂಬಸಾಲಿನಲ್ಲಿ ಬರೆದು 36 ಮನೆಗಳ ಒಂದು ಕೋಷ್ಟಕ ಮಾಡಿ. ಪ್ರತಿ ಅಡ್ಡಸಾಲಿನ ಮೊತ್ತ 20 ಬರಬೇಕು, ಎಲ್ಲ ಕಂಬಸಾಲುಗಳ ಮೊತ್ತ ಸೇರಿ 120 ಬರಬೇಕು. ಒಂದು ಮನೆಯನ್ನಾದರೂ ತುಂಬಲು ಪ್ರಶ್ನೆಯಲ್ಲಿ ಮಾಹಿತಿ ಇಲ್ಲವೆಂದರೆ, ಕೊರತೆ ಇರುವುದು ಪ್ರಶ್ನೆಯಲ್ಲೇ. ಅದನ್ನು ಉತ್ತರಪತ್ರಿಕೆಯಲ್ಲಿ ಎತ್ತಿ ತೋರಿಸಿದ ವಿದ್ಯಾರ್ಥಿಗೆ ಪೂರ್ತಿ ಅಂಕ ಸಲ್ಲಬೇಕು.