ತಡಕ್ಕೊಬ್ಬ ಸಾಕ್ಷಿ ಬೇಕು

ಫೋನಿನ ಸಂಗೀತವನ್ನು ಟಿ.ವಿ.ಗೋ ಸ್ಮಾರ್ಟ್ ಸ್ಪೀಕರಿಗೋ ಕಳುಹಿಸಿ ಕೇಳುವ ರಸಿಕರ ದೂರುಗಳು ಮುಖ್ಯವಾಗಿ ಎರಡು: ದನಿ ತಡವಾಗಿ ಬರುತ್ತದೆ ಎಂಬುದೊಂದು, ನಡುನಡುವೆ ಕಡಿದುಹೋಗುತ್ತದೆ ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ರೋಗದ ಲಕ್ಷಣಗಳೆಂದು ಬಗೆದು, ಇಂಟರ್ನೆಟ್ಟಿನ ವೇಗ ಹೆಚ್ಚಿಸಿಕೊಂಡರೆ ಎರಡೂ ಗುಣವಾಗುತ್ತವೆ ಎಂದು ಹೇಳುವ ಒಂದು ಪಂಥವೇ ಬೆಳೆದಿದೆ. ಆ ಸಲಹೆ ಬಹುಪಾಲು ಸಂದರ್ಭಗಳಲ್ಲಿ ನಿಷ್ಪ್ರಯೋಜಕ. ಏಕೆಂದರೆ ತಡ ಮತ್ತು ಕಡಿತಗಳು ಒಂದಕ್ಕೊಂದು ಎದುರಾದವು, ಒಂದನ್ನು ತಗ್ಗಿಸಿದಷ್ಟೂ ಇನ್ನೊಂದು ಹೆಚ್ಚುವ ಸಂಭವವಿರುತ್ತದೆ.

ಇದಕ್ಕೆ ಕಾರಣ ಬಫರ್, ಅಂದರೆ ಬಂದ ದನಿಯನ್ನು ನುಡಿಸುವ ಮುನ್ನ ಸ್ಪೀಕರು ಸ್ವಲ್ಪ ಕಾಲ ಕೂಡಿಟ್ಟುಕೊಳ್ಳುವ ಸಂಗ್ರಹ. ಬೆಂಗಳೂರಿನ ಮನೆಯ ಸಂಪಿನಂತೆ ಅದು ದೊಡ್ಡದಿದ್ದರೆ ನಲ್ಲಿ ನಿಂತುಹೋದದ್ದು ಮನೆಯವರಿಗೆ ತಿಳಿಯುವುದೇ ಇಲ್ಲ, ಚಿಕ್ಕದಿದ್ದರೆ ಒಡನೆ ತಿಳಿಯುತ್ತದೆ. ಬ್ಲೂಟೂತ್ ಸ್ಪೀಕರುಗಳ ಸಂಗ್ರಹ ಸೆಕೆಂಡಿನ ಒಂದು ಸಣ್ಣ ಭಾಗಕ್ಕೆ ಮಾತ್ರ ಸಾಲುವಂಥದ್ದು; ದನಿಯನ್ನು ಸಂಕುಚಿಸಿ, ರೇಡಿಯೋ ಅಲೆಯಲ್ಲಿ ಕಳುಹಿಸಿ, ಅತ್ತ ಕಡೆ ಬಿಚ್ಚಿ ನುಡಿಸುವಷ್ಟರಲ್ಲಿ ಒಟ್ಟಾರೆ ಸಾಮಾನ್ಯವಾಗಿ 100ರಿಂದ 300 ಮಿಲಿಸೆಕೆಂಡು ತಡವಾಗುತ್ತದೆ. ರೇಡಿಯೋ ಕೊಂಡಿ ಈ ಸಂಗ್ರಹ ಬರಿದಾಗುವಷ್ಟು ಹೊತ್ತು ಕೆಟ್ಟರೆ ನುಡಿಸಲು ಏನೂ ಉಳಿಯದೆ ದನಿ ಕಡಿಯುತ್ತದೆ.

ಕಾಸ್ಟ್ ಎಂಬ ವಿಧಾನದ ದಾರಿ ಬೇರೆ. 2013ರಲ್ಲಿ ಗೂಗಲ್ಲಿನ ಕ್ರೋಮ್‌ಕಾಸ್ಟ್ ಸಾಧನದೊಂದಿಗೆ ಬಳಕೆಗೆ ಬಂದ ಈ ಪದ್ಧತಿಯಲ್ಲಿ ಫೋನು ಹಾಡಿನ ವಿಳಾಸವನ್ನಷ್ಟೇ ಟಿ.ವಿ.ಗೆ ತಿಳಿಸಿ ಪಕ್ಕಕ್ಕೆ ಸರಿಯುತ್ತದೆ; ಹಾಡನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುವುದು ಟಿ.ವಿ.ಯೇ, ಮತ್ತು ಅದು ಹಲವು ಸೆಕೆಂಡುಗಳಷ್ಟನ್ನು ಮುಂಗಡವಾಗಿ ಕೂಡಿಟ್ಟುಕೊಳ್ಳಬಲ್ಲದು. ದನಿ ಯಾವ ದಾರಿಯಲ್ಲಿ ಬರುತ್ತಿದೆ ಎಂಬ ಸಂಶಯವಿದ್ದವರು ಹಾಡು ನಡೆಯುತ್ತಿರುವಾಗಲೇ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ವೈ-ಫೈ ಮತ್ತು ಬ್ಲೂಟೂತ್ ಎರಡೂ ಆರಿವೆಯೆಂದು ಖಚಿತಪಡಿಸಿಕೊಂಡು ನೋಡಬಹುದು. ಹಾಡು ಮುಂದುವರಿದರೆ ಫೋನು ದಾರಿಯಲ್ಲಿ ಇಲ್ಲವೆಂದೂ, ಕಡಿತದ ಕಾರಣವನ್ನು ಟಿ.ವಿ. ಮತ್ತು ರೌಟರಿನ ನಡುವೆ ಅಥವಾ ರೌಟರಿನಾಚೆ ಹುಡುಕಬೇಕೆಂದೂ ಗೊತ್ತಾಗುತ್ತದೆ. ಆದರೆ ಫೋನಿನ ಪರದೆಯನ್ನೇ ಟಿ.ವಿ.ಯ ಮೇಲೆ ಬಿಂಬಿಸುವ ವಿಧಾನದಲ್ಲಿ, ಮತ್ತು ಫೋನಿನಲ್ಲೇ ಉಳಿಸಿಕೊಂಡ ಕಡತವನ್ನು ಕಳುಹಿಸುವಾಗ, ಪ್ರತಿಯೊಂದು ಕ್ಷಣದ ದನಿಯೂ ಫೋನಿನಿಂದಲೇ ಹೊರಡಬೇಕಾದ್ದರಿಂದ ಈ ಪರೀಕ್ಷೆ ಹಾಡನ್ನು ನಿಲ್ಲಿಸಿಬಿಡುತ್ತದೆ.

ಬ್ಲೂಟೂತಿನ ಕಡಿತಗಳಲ್ಲಿ ಒಂದು ಬಗೆ ಮಾತ್ರ ಹೆಚ್ಚಿನ ಗಮನ ಬೇಡುತ್ತದೆ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ. ವೈ-ಫೈಯ ಹಳೆಯ ಪಟ್ಟಿಯೂ ಅದೇ. ಫೋನಿನೊಳಗೆ ಈ ಎರಡೂ ಅನೇಕ ವೇಳೆ ಒಂದೇ ಆಂಟೆನಾವನ್ನು ಸರದಿಯ ಮೇಲೆ ಬಳಸುತ್ತವೆ. ಒಂದು ಮನೆಯಲ್ಲಿ ಫೋನು 2.4 ಗಿಗಾಹರ್ಟ್ಸ್ ವೈ-ಫೈಯಿಂದ ಒಂದು ಕಛೇರಿಯ ಧ್ವನಿಮುದ್ರಣವನ್ನು ಇಳಿಸಿಕೊಳ್ಳುತ್ತ, ಅದನ್ನೇ ಬ್ಲೂಟೂತ್ ಮೂಲಕ ಸ್ಪೀಕರಿಗೆ ಕಳುಹಿಸುತ್ತಿದೆ ಎಂದಿಟ್ಟುಕೊಂಡರೆ, ಇಳಿಕೆ ಜೋರಾದ ಪ್ರತಿಸಲವೂ ಬ್ಲೂಟೂತಿನ ಸರದಿ ಕಿರಿದಾಗಿ ತನಿ ಆವರ್ತನದ ನಡುವೆ ಹನಿಹನಿಯಾಗಿ ಮೌನ ಬೀಳುತ್ತದೆ. ಅದೇ ಮುದ್ರಣವನ್ನು ಮೊದಲೇ ಇಳಿಸಿಟ್ಟುಕೊಂಡು, ವೈ-ಫೈ ಆರಿಸಿ ನುಡಿಸಿದಾಗ ಮೌನಗಳು ಮಾಯವಾದರೆ ತಪ್ಪು ಸ್ಪೀಕರಿನದಲ್ಲ, ಈ ಸರದಿಯದು ಎಂದು ಧೈರ್ಯವಾಗಿ ಹೇಳಬಹುದು. ಪರಿಹಾರವೂ ಅಷ್ಟೇ ಸರಳ: ಫೋನಿನ ವೈ-ಫೈಯನ್ನು ರೌಟರಿನ 5 ಗಿಗಾಹರ್ಟ್ಸ್ ಪಟ್ಟಿಗೆ ಬದಲಿಸಬೇಕು. ವೈ-ಫೈ ಆರಿಸಿದ ಮೇಲೂ ಕಡಿತಗಳು ಉಳಿದು, ಫೋನು ಜೇಬಿನಲ್ಲಿದ್ದಾಗ ಅಥವಾ ಯಾರಾದರೂ ನಡುವೆ ನಿಂತಾಗ ಹೆಚ್ಚಾದರೆ, ನೀರಿನಂಶ ತುಂಬಿದ ಮನುಷ್ಯ ದೇಹವು ಈ ಅಲೆಗಳನ್ನು ಚೆನ್ನಾಗಿಯೇ ಹೀರಿಕೊಳ್ಳುತ್ತದೆ ಎಂಬುದನ್ನು ನೆನೆಯಬೇಕು.

ಬಿಟ್‌ರೇಟಿನ ಆರಾಧಕರಿಗೆ ಇಲ್ಲಿಯೇ ಒಂದು ಮಾತು ಹೇಳುವುದು ಯುಕ್ತ. ಎಲ್‌ಡಿಎಸಿ ಎಂಬ ಸಂಕೇತಪದ್ಧತಿಯನ್ನು ಸೆಕೆಂಡಿಗೆ 990 ಕಿಲೋಬಿಟ್ಟಿನ ತುತ್ತತುದಿಗೆ ಬಲವಂತವಾಗಿ ನಿಲ್ಲಿಸುವುದೇ ರಸಿಕತೆ ಎಂಬ ನಂಬಿಕೆ ಅವರದು. ಅದೇ ಪದ್ಧತಿಯಲ್ಲಿ 660 ಮತ್ತು 330ರ ಮೆಟ್ಟಿಲುಗಳನ್ನು ಇರಿಸಿರುವುದು ಕೊಂಡಿ ಸೊರಗಿದಾಗ ಕೆಳಗಿಳಿಯಲೆಂದೇ; ಮಧ್ಯಮ ದರದಲ್ಲಿ ಅಖಂಡವಾಗಿ ಹರಿದು ಬಂದ ಆಲಾಪನೆಯ ಮುಂದೆ ಗರಿಷ್ಠ ದರದಲ್ಲಿ ತುಂಡುತುಂಡಾಗಿ ಬಂದ ಆಲಾಪನೆ ನಿಲ್ಲಲಾರದು.

ಆದರೆ ಕಡಿತಕ್ಕಿಂತ ತಡದ ಪ್ರಶ್ನೆಯೇ ಹೆಚ್ಚು ಸ್ವಾರಸ್ಯಕರ. ತಡವೆಂಬುದು ಯಾವಾಗ ದೋಷವಾಗುತ್ತದೆ? ತಂಬೂರಿಯ ಶ್ರುತಿಯನ್ನು ಫೋನಿನ ಆ್ಯಪಿನಿಂದ ಸ್ಪೀಕರಿಗೆ ಹರಿಸಿ ಹಾಡುವವರಿಗೆ ಎರಡು ಸೆಕೆಂಡಿನ ತಡವೂ ಗಮನಕ್ಕೆ ಬಾರದು. ತಾಳದ ಆ್ಯಪನ್ನು ಹಾಗೆಯೇ ಕೇಳುತ್ತ ಅಭ್ಯಾಸ ಮಾಡುವ ವಿದ್ಯಾರ್ಥಿಗೂ, ತಡ ಒಂದೇ ಸಮನಾಗಿರುವವರೆಗೆ, ಬಾಧೆಯಿಲ್ಲ. ಕಿವಿಗೆ ಬಿದ್ದ ಪೆಟ್ಟೇ ಅವರ ಪಾಲಿನ ಪೆಟ್ಟು. ಅದೇ ವಿದ್ಯಾರ್ಥಿ ಪರದೆಯ ಮೇಲೆ ಮಿನುಗುವ ಅಕ್ಷರವನ್ನು ನೋಡಿ ತಾಳ ಹಾಕಿದಾಗ ಕಷ್ಟ ಶುರುವಾಗುತ್ತದೆ. ನಿಮಿಷಕ್ಕೆ 75 ಅಕ್ಷರಗಳ ಕಾಲಪ್ರಮಾಣದಲ್ಲಿ ಒಂದು ಅಕ್ಷರಕ್ಕೆ 800 ಮಿಲಿಸೆಕೆಂಡು, ಚತುರಶ್ರ ನಡೆಯಲ್ಲಿ ಅದರ ಕಾಲುಭಾಗ 200 ಮಿಲಿಸೆಕೆಂಡು. ಬ್ಲೂಟೂತಿನ ತಡವೂ 200 ಆಗಿದ್ದರೆ ಕಣ್ಣಿನ ತಾಳಕ್ಕೂ ಕಿವಿಯ ತಾಳಕ್ಕೂ ಸರಿಯಾಗಿ ಒಂದು ಮಾತ್ರೆಯ ಅಂತರ ಬೀಳುತ್ತದೆ. ಪರದೆಯ ಮೇಲೆ ಬೆರಳಿಟ್ಟು ನುಡಿಸುವ ಕೀಬೋರ್ಡು, ತಬಲಾ ಮುಂತಾದ ಆ್ಯಪುಗಳಲ್ಲಂತೂ ಈ ತಡವನ್ನು ಮೊದಲೇ ಊಹಿಸಿ ಸರಿಪಡಿಸಲು ಯಾವ ತಂತ್ರಾಂಶಕ್ಕೂ ಸಾಧ್ಯವಿಲ್ಲ, ಏಕೆಂದರೆ ಬೆರಳು ಯಾವಾಗ ಬೀಳುತ್ತದೆ ಎಂಬುದು ಅದಕ್ಕೆ ತಿಳಿಯದು. ಅಲ್ಲಿ ತಂತಿಯ ಜೋಡಣೆಯೇ ಗತಿ. ಹೀಗೆ ತಡಕ್ಕೆ ಎರಡನೆಯ ಸಾಕ್ಷಿಯೊಂದು, ಕಣ್ಣೋ ಬೆರಳೋ ಪಕ್ಕದ ಕೋಣೆಯ ಇನ್ನೊಂದು ಸ್ಪೀಕರೋ, ಎದುರಿಗೆ ನಿಂತಾಗ ಮಾತ್ರ ಅದು ದೋಷವೆನಿಸುತ್ತದೆ.

ಕಣ್ಣಿನ ಸಾಕ್ಷ್ಯವನ್ನು ತೂಗಲು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 1998ರಲ್ಲಿ ಪರಿಷ್ಕರಿಸಿದ ಬಿ.ಟಿ. 1359 ಎಂಬ ಶಿಫಾರಸು ಈ ಕ್ಷೇತ್ರದ ಶಾಸ್ತ್ರಗ್ರಂಥವೆನ್ನಬಹುದು. ಅದರ ಪ್ರಕಾರ ದನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು ಮುಂದಾದರೆ ನೋಡುಗರಿಗೆ ತಿಳಿದುಬಿಡುತ್ತದೆ, ಹಿಂದಾದರೆ ಸುಮಾರು 125ರವರೆಗೂ ತಿಳಿಯುವುದಿಲ್ಲ. ಸಹನೆಯ ಮಿತಿ ಮುಂದಕ್ಕೆ 90, ಹಿಂದಕ್ಕೆ 185. ಈ ಪಕ್ಷಪಾತಕ್ಕೆ ಲೋಕಾನುಭವದ ಸಮರ್ಥನೆಯುಂಟು. ಸೆಕೆಂಡಿಗೆ ಸುಮಾರು 343 ಮೀಟರು ಸಾಗುವ ಶಬ್ದವು ವೇದಿಕೆಯಿಂದ 30 ಮೀಟರು ಹಿಂದೆ ಕುಳಿತ ಶ್ರೋತೃವನ್ನು ತಲುಪಲು ಹತ್ತಿರ ಹತ್ತಿರ 90 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಧ್ವನಿವರ್ಧಕವಿಲ್ಲದ ಸಭೆಯಲ್ಲಿ ಮೃದಂಗದ ಮೇಲೆ ಬಿದ್ದ ಕೈಯನ್ನು ಮೊದಲು ಕಂಡು ಆಮೇಲೆ ನಾದವನ್ನು ಕೇಳುವುದು ನಿಸರ್ಗಕ್ರಮವೇ ಆಗಿದೆ, ಕೈ ಬೀಳುವ ಮುನ್ನ ನಾದ ಹುಟ್ಟುವುದು ಎಲ್ಲಿಯೂ ಇಲ್ಲ.

ಫೋನಿನಲ್ಲಿ ವಿಡಿಯೋ ನೋಡುತ್ತ ಬ್ಲೂಟೂತಿನಲ್ಲಿ ಕೇಳುವವರಿಗೆ ಸಾಮಾನ್ಯವಾಗಿ ಈ ತೊಡಕು ಕಾಣದಿರುವುದಕ್ಕೆ ಕಾರಣ, ಸ್ಪೀಕರಿನ ತಡವನ್ನು ತಿಳಿದುಕೊಂಡ ಆ್ಯಪು ಚಿತ್ರವನ್ನೂ ಅಷ್ಟೇ ಹಿಂದಕ್ಕೆ ಹಿಡಿಯುವುದು. ಕಾಸ್ಟ್ ಮಾಡಿದಾಗಲೂ ಚಿತ್ರ ಮತ್ತು ದನಿಗಳೆರಡನ್ನೂ ಟಿ.ವಿ.ಯೇ ತರಿಸಿ ಹೊಂದಿಸುತ್ತದೆ. ಆದರೆ ಆ ಟಿ.ವಿ. ತನ್ನ ದನಿಯನ್ನು ಬ್ಲೂಟೂತ್ ಸೌಂಡ್‌ಬಾರಿಗೆ ದಾಟಿಸಿದರೆ ಹೊಸದೊಂದು ತಡ ಸೇರಿಕೊಳ್ಳುತ್ತದೆ, ಅದನ್ನು ಎಲ್ಲ ಟಿ.ವಿ.ಗಳೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಗ ಸೆಟ್ಟಿಂಗಿನಲ್ಲಿ ದನಿ ಹೊಂದಿಸುವ ಅಂಕಿಯನ್ನು ತಿರುವುವವರು ಗಮನಿಸಬೇಕಾದ ಸಂಗತಿಯೆಂದರೆ, ಬಹುತೇಕ ಟಿ.ವಿ.ಗಳಲ್ಲಿ ಆ ಅಂಕಿ ದನಿಯನ್ನು ಇನ್ನಷ್ಟು ತಡಮಾಡಬಲ್ಲದೇ ಹೊರತು ಮುಂದಕ್ಕೆ ತರಲಾರದು. ಆದ್ದರಿಂದ ದನಿ ಚಿತ್ರಕ್ಕಿಂತ ಹಿಂದಿರುವ ಕಡೆ ಆ ಅಂಕಿಯನ್ನು ಸೊನ್ನೆಗೆ ತಂದು, ಸೌಂಡ್‌ಬಾರನ್ನು ಎಚ್‌ಡಿಎಂಐ ತಂತಿಯಿಂದ ಟಿ.ವಿ.ಗೆ ಜೋಡಿಸಬೇಕು.