ನಗೆ ಇಳಿಯುವ ಸ್ಟೇಶನ್: ಮೀಮ್ ಕ್ಯಾರೊಸೆಲ್ ರಸಿಕರಿಗೊಂದು ಕೈಪಿಡಿ

ಕೊರವಂಜಿ ಪತ್ರಿಕೆಯ ವ್ಯಂಗ್ಯಚಿತ್ರಗಳನ್ನು ನೋಡಿ ಬೆಳೆದವರಿಗೆ ನಗೆಚಿತ್ರ ಅಂದರೆ ಒಂದು ಚೌಕ, ಅದರ ಕೆಳಗೆ ಒಂದು ಸಾಲು. 1942ರಲ್ಲಿ ರಾಶಿಯವರು ಶುರುಮಾಡಿದ ಆ ಪತ್ರಿಕೆಗೆ ಆರ್. ಕೆ. ಲಕ್ಷ್ಮಣ್ ಕೂಡ ಚಿತ್ರ ಬರೆದಿದ್ದರು. ಅಂಥ ಚಿತ್ರದಲ್ಲಿ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ಕಣ್ಣು ಚಿತ್ರದಿಂದ ಸಾಲಿಗೆ ಇಳಿಯುವಷ್ಟರಲ್ಲಿ ನಗು ಬಂದಿರುತ್ತದೆ. ಇವತ್ತಿನ ಕಾಲೇಜು ಹುಡುಗ ಹುಡುಗಿಯರು ಇನ್‌ಸ್ಟಾಗ್ರಾಂನಲ್ಲಿ ಬೆರಳಿನಿಂದ ಸರಿಸಿ ಸರಿಸಿ ನೋಡುವ ಕ್ಯಾರೊಸೆಲ್ ಹಾಗಲ್ಲ. ಅಲ್ಲಿ ಮುಂದಿನ ಚಿತ್ರ ಪರದೆಯ ಆಚೆ ಅಡಗಿದೆ. ಅದನ್ನು ಯಾವಾಗ ತೆರೆಯಬೇಕು ಅನ್ನುವುದು ನೋಡುವವನ ಬೆರಳಿಗೆ ಬಿಟ್ಟದ್ದು. ಹೀಗೆ ತಡೆದು ಕೊಡುವುದೇ ಈ ಪ್ರಕಾರದ ಕಸುಬು. ಅದನ್ನು ಸವಿಯಲು ಕಲಿಯಬೇಕಾದವರು ಮೊದಲು ನೋಡಬೇಕಾದದ್ದೂ ಅದನ್ನೇ.

ಮಾದರಿಗೆ ದೇಹೂ ರೋಡ್‌ಗೆ ಬನ್ನಿ. ಪುಣೆ–ಲೋನಾವಳಾ ಲೋಕಲ್ ಹಾದಿಯಲ್ಲಿ ಆಕುರ್ಡಿ ಆದಮೇಲೆ ಬರುವ ಸ್ಟೇಶನ್ ಇದು. ದಂಡಿನ ಊರು, ಪಕ್ಕದಲ್ಲೇ ಆರ್ಡ್‌ನನ್ಸ್ ಫ್ಯಾಕ್ಟರಿ. ದಂಡಿನ ಊರುಗಳಲ್ಲಿ ಆಗುವಂತೆ ಇಲ್ಲಿಯೂ ಕೆಲಸ ಹುಡುಕಿ ಬಂದು ನೆಲೆಸಿದ ಬೇರೆ ಬೇರೆ ಭಾಷೆಯ ಮನೆಗಳಿವೆ. ಮನೆಯೊಳಗೆ ಉತ್ತರ ಕರ್ನಾಟಕದ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ಹೀಗೆ ಬೆಳೆದ ಹುಡುಗನೊಬ್ಬ ತನ್ನ ದಿನವನ್ನು ಐದು ಚಿತ್ರಗಳಲ್ಲಿ ಹೇಳುತ್ತಾನೆ ಎಂದುಕೊಂಡು ಒಂದು ಕ್ಯಾರೊಸೆಲ್ ಕಟ್ಟಿ ನೋಡೋಣ.

ಮೊದಲ ಚಿತ್ರ: ದೇಹೂ ರೋಡ್ ಪ್ಲಾಟ್‌ಫಾರ್ಮು. ಹುಡುಗನ ಕೈಯಲ್ಲಿ ಎರಡಂತಸ್ತಿನ ಸ್ಟೀಲ್ ಡಬ್ಬಿ. ಮೇಲೆ ಅವ್ವನ ಮಾತು: "ನಾಕು ರೊಟ್ಟಿ ಕಟ್ಟೀನಿ. ಎಲ್ಲಾ ನೀನ ತಿನ್ನು, ಯಾರಿಗೂ ಕೊಡಬ್ಯಾಡ."

ಎರಡನೆಯದು: ಆಕುರ್ಡಿ. ಗೆಳೆಯ ಹತ್ತಿದ್ದಾನೆ. "ಡಬ್ಬ್ಯಾತ್ ಕಾಯ್ ಆಹೆ?" ಉಳಿದ ರೊಟ್ಟಿ ಮೂರು.

ಮೂರನೆಯದು: ಪಿಂಪ್ರಿ. ಗೆಳೆಯನ ಗೆಳೆಯರು ಹತ್ತಿದ್ದಾರೆ. ಉಳಿದದ್ದು ಶೇಂಗಾ ಹಿಂಡಿ ಮಾತ್ರ.

ನಾಲ್ಕನೆಯದು: ಶಿವಾಜಿನಗರ, ಮಧ್ಯಾಹ್ನ. ಹುಡುಗನ ಕೈಯಲ್ಲಿ ಫೋನು. "ಊಟ ಆತೇನು?" "ಆತವ್ವಾ. ಹೊಟ್ಟಿ ತುಂಬ ಉಂಡೆ."

ಐದನೆಯದು: ಚಿತ್ರವಿಲ್ಲ, ಅವ್ವನ ಉತ್ತರ ಅಷ್ಟೇ. "ಅದು ನಿನ್ನ ಗೆಳ್ಯಾರಿಗೆ ಕಟ್ಟಿದ್ದು. ನಿಂದು ಕೆಳಗಿನ ಡಬ್ಬಿಯಾಗೈತಿ."

ಇನ್ನು ನಿಧಾನವಾಗಿ ಬಿಡಿಸಿ ನೋಡೋಣ. ಐದನೆಯ ಚಿತ್ರ ಓದಿದ ಕೂಡಲೇ ಬೆರಳು ಹಿಂದಕ್ಕೆ ಸರಿಸಿ ಮೊದಲನೆಯದಕ್ಕೆ ಹೋಗುತ್ತದೆ. ಡಬ್ಬಿಗೆ ಎರಡು ಅಂತಸ್ತು ಇದ್ದದ್ದು ಅಲ್ಲೇ ಕಾಣುತ್ತಿತ್ತು. ನಾವೂ ಹುಡುಗನ ಹಾಗೆ ಮೇಲಿನದನ್ನಷ್ಟೇ ಲೆಕ್ಕ ಹಾಕಿದ್ದೆವು. ಕ್ಯಾರೊಸೆಲ್ ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ನಾನು ಮೊದಲು ಹಿಡಿಯುವ ಒರೆಗಲ್ಲು ಇದು: ಮುಗಿದಮೇಲೆ ಹಿಂದಕ್ಕೆ ಹೋಗಬೇಕೆನಿಸುತ್ತದೆಯೇ, ಹೋದರೆ ಅಲ್ಲಿ ಏನಾದರೂ ಸಿಗುತ್ತದೆಯೇ? ನಗೆಯ ಬೀಜ ಮೊದಲ ಚಿತ್ರದಲ್ಲಿ ಎಲ್ಲರ ಕಣ್ಣೆದುರೇ ಇರಬೇಕು, ಆದರೆ ಯಾರ ಗಮನವೂ ಅದರ ಮೇಲೆ ನಿಲ್ಲಬಾರದು. ನಾಲ್ಕನೆಯ ಚಿತ್ರದಲ್ಲಿ "ಮೇಲಿನ ಡಬ್ಬಿ ಖಾಲಿ" ಎಂದು ಬರೆದಿದ್ದರೆ ಆಟ ಅಲ್ಲಿಗೇ ಮುಗಿಯುತ್ತಿತ್ತು. "ಮೇಲಿನ" ಎಂದೊಡನೆ ಓದುವವರ ಮನಸ್ಸು ಕೆಳಗಿನದನ್ನು ಹುಡುಕುತ್ತದೆ. ಮೊದಲ ಚಿತ್ರದಲ್ಲಿ ಡಬ್ಬಿಗೆ ಬಾಣದ ಗುರುತು ಹಾಕಿದರೂ ಇದೇ ಗತಿ.

ಎರಡನೆಯದಾಗಿ ನೋಡಬೇಕಾದದ್ದು ಪರದೆಯ ಬಲ ಮೂಲೆಯ ಅಂಕಿ. ಕ್ಯಾರೊಸೆಲ್‌ನಲ್ಲಿ 4/5 ಎಂದು ಎಣಿಕೆ ಕಾಣುತ್ತದೆ, ಕೆಳಗೆ ಚುಕ್ಕಿಗಳೂ ಇರುತ್ತವೆ. ಅಂದರೆ ಇನ್ನೊಂದೇ ಚಿತ್ರ ಬಾಕಿ ಎಂದು ಓದುವವರಿಗೆ ಮೊದಲೇ ಗೊತ್ತು. ಕತೆ ಹೇಳುವವರಿಗೆ ಇದೊಂದು ತೊಡಕು. ತಿರುವು ಕೊನೆಯಲ್ಲಿ ಬರುತ್ತದೆಂದು ಗೊತ್ತಿರುವವರನ್ನು ಆ ಕೊನೆಯಲ್ಲೇ ಅಚ್ಚರಿಗೊಳಿಸುವುದು ಹೇಗೆ? ಬಲ್ಲವರು ಕೊನೆಗಿಂತ ಒಂದು ಹೆಜ್ಜೆ ಮೊದಲೇ ಒಂದು ಪುಟ್ಟ ನಗುವನ್ನು ಇಳಿಸಿಬಿಡುತ್ತಾರೆ. ಹಸಿದ ಹೊಟ್ಟೆಯಲ್ಲಿ ನಿಂತು "ಹೊಟ್ಟಿ ತುಂಬ ಉಂಡೆ" ಎನ್ನುವ ಸುಳ್ಳು ಅಂಥದ್ದು. ಮನೆಯಿಂದ ದೂರ ಇದ್ದವರೆಲ್ಲ ಆ ಸುಳ್ಳು ಹೇಳಿದವರೇ. ಇಷ್ಟಕ್ಕೇ ಮೀಮು ಮುಗಿಯಿತು, ಇನ್ನುಳಿದದ್ದು ಪೇಜಿನ ಹೆಸರೋ ಏನೋ ಎಂದುಕೊಂಡು ಸರಿಸಿದಾಗ ಅವ್ವ ಮಾತಾಡುತ್ತಾಳೆ. ನಾಲ್ಕನೆಯದು ಮುಗಿತಾಯದಂತೆ ಕಂಡಷ್ಟೂ ಐದನೆಯದರ ಬಲ ಹೆಚ್ಚುತ್ತದೆ.

ಚಿತ್ರಗಳ ಸಂಖ್ಯೆಯ ಮಾತೂ ಇಲ್ಲೇ ಬರುತ್ತದೆ. 2017ರಲ್ಲಿ ಇನ್‌ಸ್ಟಾಗ್ರಾಂ ಈ ಸೌಕರ್ಯ ಕೊಟ್ಟಾಗ ಒಂದು ಪೋಸ್ಟಿಗೆ 10 ಚಿತ್ರಗಳ ಮಿತಿ ಇತ್ತು, 2024ರಲ್ಲಿ ಅದು 20 ಆಯಿತು. ದಿನನಿತ್ಯದ ನಗೆಗೆ ಇಪ್ಪತ್ತು ಬೇಕಾಗುವುದಿಲ್ಲ. ನಮ್ಮ ಮಾದರಿಯಲ್ಲಿ ಚಿಂಚವಾಡ, ಕಾಸರವಾಡಿ, ದಾಪೋಡಿ, ಖಡ್ಕಿ ಎಲ್ಲವನ್ನೂ ಬಿಟ್ಟಿದ್ದೇವೆ. ರೊಟ್ಟಿ ಕಡಿಮೆಯಾಗುತ್ತಿದೆ ಎಂದು ತಿಳಿಯಲು ಎರಡು ಸಲ ತೋರಿಸಿದರೆ ಸಾಕು. ಮೂರನೆಯ ಸಲವೂ ಅದೇ ಆದರೆ ಬೆರಳು ಸರಿಸುವುದನ್ನು ಬಿಟ್ಟು ಮೇಲಕ್ಕೆ ತಳ್ಳುತ್ತದೆ. ಒಂದೇ ಚಿತ್ರ ಕಂಡು ಮುಂದೆ ಹೋದವರಿಗೆ ಅದೇ ಪೋಸ್ಟು ಮತ್ತೊಮ್ಮೆ ಎದುರಾದಾಗ ಕೆಲವು ಸಲ ಎರಡನೆಯ ಚಿತ್ರದಿಂದಲೇ ತೆರೆದುಕೊಳ್ಳುತ್ತದೆ. ಹಾಗಾಗಿ ಎರಡನೆಯ ಚಿತ್ರ ತಾನೊಂದೇ ನಿಂತರೂ ಅರ್ಥ ಕೊಡಬೇಕು. ಊರಿನ ಹೆಸರು, ಡಬ್ಬಿ, ಗೆಳೆಯನ ಪ್ರಶ್ನೆ, ಉಳಿದ ರೊಟ್ಟಿಯ ಲೆಕ್ಕ, ನಾಲ್ಕೂ ಅದರಲ್ಲಿ ಇರುವುದು ಅದಕ್ಕೇ.

ಮೂರನೆಯದು ಸಾಲಿನೊಳಗಿನ ಇಳಿತ. ಕನ್ನಡದ ವಾಕ್ಯ ತನ್ನ ಮುಖ್ಯ ಸುದ್ದಿಯನ್ನು ಕೊನೆಗೆ ಇಟ್ಟುಕೊಳ್ಳಬಲ್ಲದು. ನಗೆ ಬರೆಯುವವರಿಗೆ ಇದೊಂದು ವರ. ಅವ್ವನ ಉತ್ತರವನ್ನು ತಿರುವಿ ನೋಡಿ: "ಕೆಳಗಿನ ಡಬ್ಬಿಯಾಗ ನಿನಗಂತ ಬ್ಯಾರೆ ಇಟ್ಟೀನಿ, ಮ್ಯಾಲಿಂದು ಗೆಳ್ಯಾರಿಗೆ ಕಟ್ಟಿದ್ದು." ಸುದ್ದಿ ಅದೇ, ನಗು ಮಾತ್ರ ಹೋಯಿತು. ಮೊದಲ ಎರಡು ಪದಕ್ಕೇ ಗುಟ್ಟು ಒಡೆದು, ಉಳಿದ ಸಾಲು ವಿವರಣೆಯಾಗಿ ಉಳಿಯಿತು. ಮೊದಲಿನ ಕ್ರಮದಲ್ಲಿ "ಅದು ನಿನ್ನ ಗೆಳ್ಯಾರಿಗೆ ಕಟ್ಟಿದ್ದು" ಎಂದಾಗ ಅವಳಿಗೆ ಎಲ್ಲ ಗೊತ್ತಿತ್ತು ಎಂದು ತಿಳಿಯುತ್ತದೆ. ಒಂದು ಪೂರ್ಣವಿರಾಮದ ಉಸಿರು. ಆಮೇಲೆ ಡಬ್ಬಿ ತೆರೆಯುತ್ತದೆ.

ಇದರ ಕೆಳಗೆ "ಅವ್ವಂದಿರು ಅಂದ್ರೆ ಹಿಂಗೇ" ಎಂದು ಒಂದು ಸಾಲು, ನಗುನಗುತ್ತ ಅಳುವ ಮುಖಗಳ ಒಂದು ಸಾಲು ಸೇರಿಸುವ ಆಸೆ ಬಹಳ ಮಂದಿಗೆ ಬರುತ್ತದೆ. ಬೇಡ. ನಕ್ಕವನಿಗೆ ಯಾಕೆ ನಕ್ಕೆ ಎಂದು ಹೇಳಿಕೊಟ್ಟರೆ ನಗು ಅವನದಾಗಿ ಉಳಿಯುವುದಿಲ್ಲ. ಚಿತ್ರದಡಿಯ ಒಕ್ಕಣೆಯೂ ಅಷ್ಟೇ. ಮೊದಲ ಚಿತ್ರದ ಜೊತೆಗೇ ಅದು ಕಣ್ಣಿಗೆ ಬೀಳುವುದರಿಂದ "ಕೆಳಗಿನ ಡಬ್ಬಿ ಇರೋರು ಕೈ ಎತ್ತಿ" ಎಂದು ಬರೆದರೆ ಕೊನೆಯ ಸ್ಟೇಶನ್ ಮೊದಲೇ ಬಂದಂತೆ. ಗೆಳೆಯನ ಮರಾಠಿ ಮಾತಿನ ಪಕ್ಕ ಕಂಸದಲ್ಲಿ ಅರ್ಥ ಕೊಡುವುದೂ ಬೇಕಿಲ್ಲ. ಡಬ್ಬಿಯತ್ತ ಬಾಗಿದ ಮುಖ ಕಂಡರೆ ಮಂಡ್ಯದವರಿಗೂ ಅದು ಅರ್ಥವಾಗುತ್ತದೆ.

ಇಷ್ಟು ಹೊತ್ತು ನಗೆ ಎಷ್ಟನೆಯ ಚಿತ್ರದಲ್ಲಿ ಇಳಿಯಬೇಕು ಎಂದು ನೋಡಿದೆವು. ಯಾರ ಮೇಲೆ ಇಳಿಯಬೇಕು ಅನ್ನುವುದು ಅದಕ್ಕಿಂತ ದೊಡ್ಡ ಪ್ರಶ್ನೆ. ನನ್ನ ಅನುಭವದಲ್ಲಿ ಕಾಲೇಜಿನ ಮೀಮುಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಅದೇ ಐದು ಚಿತ್ರಗಳನ್ನು ಇಟ್ಟುಕೊಂಡು ಅವ್ವನ ಮಾತನ್ನು ಬೇಕೆಂದೇ ಒರಟು ಮಾಡಿ, ಕಾಗುಣಿತ ಕೆಡಿಸಿ ಬರೆದು ನೋಡಿ. ಆಗ ನಗು ಬೀಳುವುದು ಓದು ಬಾರದ ಹೆಂಗಸಿನ ಮೇಲೆ. ಗೆಳೆಯರನ್ನು ಹೊಟ್ಟೆಬಾಕರಂತೆ ಬರೆದರೆ ನಗು ಬೀಳುವುದು ಮರಾಠಿ ಹುಡುಗರ ಮೇಲೆ. ಎರಡೂ ಸಲ ಕೆಲವರು ನಗುತ್ತಾರೆ, ಆದರೆ "ಇದು ನಮ್ಮನೆಯದೇ" ಎಂದು ಯಾರೂ ಅನ್ನುವುದಿಲ್ಲ. ನಮ್ಮ ಮಾದರಿಯಲ್ಲಿ ಸೋತವನು ಹುಡುಗ ಒಬ್ಬನೇ. ಅವನ ಸೋಲೂ ಸಿಹಿಯಾದದ್ದು: ಅವ್ವ ನೊಂದುಕೊಳ್ಳಬಾರದೆಂದು ಅವನು ಸುಳ್ಳು ಹೇಳಿದ, ಅವನು ಹಂಚುತ್ತಾನೆಂದು ತಿಳಿದೇ ಅವಳು "ಯಾರಿಗೂ ಕೊಡಬ್ಯಾಡ" ಎಂದಳು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಬಿಟ್ಟ ಮಾತಿನ ಮೇಲೆ ನಗು ಇಳಿಯುತ್ತದೆ, ಯಾರ ಮೈಮೇಲೂ ಅಲ್ಲ.

ಇದನ್ನು ಗುರುತಿಸಲು ಒಂದು ಸುಲಭ ದಾರಿಯಿದೆ. ನೋಡಿ ಮುಗಿಸಿದಮೇಲೆ ಇದನ್ನು ಯಾರಿಗೆ ಕಳಿಸಬೇಕು ಅನ್ನಿಸಿತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಗೆಳೆಯನಿಗೆ ಕಳಿಸಿ ಅವ್ವನಿಂದ ಬಚ್ಚಿಡಬೇಕೆನಿಸಿದರೆ ನಗೆ ತಪ್ಪಾದ ಜಾಗಕ್ಕೆ ಇಳಿದಿದೆ. ಇಬ್ಬರಿಗೂ ಕಳಿಸಬಹುದಾದರೆ ಸರಿಯಾಗಿ ಇಳಿದಿದೆ.

ವಿವರದ ಅಳತೆಯ ಬಗ್ಗೆ ಒಂದು ಮಾತು. "ಎಲ್ಲರಿಗೂ ಅನ್ವಯಿಸಲಿ" ಎಂದು ಸ್ಟೇಶನ್ನಿನ ಹೆಸರು ತೆಗೆದು, ರೊಟ್ಟಿಯ ಬದಲು "ಟಿಫಿನ್" ಎಂದು ಬರೆದರೆ ಯಾರದೂ ಅಲ್ಲದ ಮೀಮು ಆಗುತ್ತದೆ. ಇನ್ನೊಂದು ತುದಿಯಲ್ಲಿ, ಒಂದು ತರಗತಿಯ ಹತ್ತು ಮಂದಿಗಷ್ಟೇ ಗೊತ್ತಿರುವ ಅಡ್ಡಹೆಸರು ಹಾಕಿದರೆ ಹನ್ನೊಂದನೆಯವನು ಹೊರಗೆ ನಿಲ್ಲುತ್ತಾನೆ. ದೇಹೂ ರೋಡ್, ನಾಕು ರೊಟ್ಟಿ, ಶೇಂಗಾ ಹಿಂಡಿ, ಇವು ಒಂದೇ ಮನೆಯ ವಿವರಗಳು. ಡಬ್ಬಿ ಖಾಲಿಯಾಗುವುದು ಮಾತ್ರ ಎಲ್ಲರ ಅನುಭವ. ಕೇರಳದಿಂದ ಬಂದ ಗೆಳೆಯ ರೊಟ್ಟಿಯ ಜಾಗದಲ್ಲಿ ಪುಟ್ಟು ಇಟ್ಟುಕೊಂಡು ನಗುತ್ತಾನೆ, ಆದರೆ ಇಡಲು ಅವನಿಗೆ ಒಂದು ಜಾಗ ಬೇಕು. ವಿವರ ಕೊಡುವುದು ಆ ಜಾಗವನ್ನು.

ಪುಣೆ ಸೀಮೆಯ ಕಾಲೇಜುಗಳಲ್ಲಿ ಓದುವ ಕನ್ನಡದ ಮಕ್ಕಳಲ್ಲಿ ಒಂದು ಕೇಳಿಕೆ. ಮನೆಯ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅರ್ಧ ಜೀವ ತೆಗೆಯಬೇಡಿ. ಅವ್ವ ಆಡಿದ ಹಾಗೆ, ಕನ್ನಡ ಲಿಪಿಯಲ್ಲಿ, ಪರದೆಯಲ್ಲಿ ಓದುವಷ್ಟು ದಪ್ಪ ಅಕ್ಷರಗಳಲ್ಲಿ ಬರೆಯಿರಿ, ಮತ್ತು ಹಾಕುವ ಮೊದಲು ಒಮ್ಮೆ ಅವಳಿಗೇ ಓದಿ ಹೇಳಿ.